ಸೀನ್ ಬದಲಾದರೂ ಖಾಲಿಯಾಗದ ಮೆಮೊರಿ

ಮೊಬೈಲ್ ಆಟದಲ್ಲಿ ಒಂದು ಹಂತ ಮುಗಿದು ಮುಂದಿನದು ತೆರೆದಾಗ ಹಳೆಯ ಕಾಡು ಕಣ್ಮರೆಯಾಗಿ ಹೊಸ ಊರು ಕಾಣಿಸುತ್ತದೆ. ಪರದೆಯಿಂದ ಹೋದದ್ದು ಫೋನಿನ ಮೆಮೊರಿಯಿಂದಲೂ ಹೋಗಿರಬೇಕು ಎಂದು ಯಾರಾದರೂ ಭಾವಿಸುತ್ತಾರೆ. ಎಷ್ಟೋ ಆಟಗಳಲ್ಲಿ ಹಾಗಾಗುವುದಿಲ್ಲ. ಕಾಡಿನ ಚಿತ್ರಗಳು ಯಾರ ಕಣ್ಣಿಗೂ ಬೀಳದೆ ಮೆಮೊರಿಯಲ್ಲೇ ಉಳಿಯುತ್ತವೆ, ಅವುಗಳ ಮೇಲೆ ಊರಿನ ಚಿತ್ರಗಳು ಬಂದು ಸೇರುತ್ತವೆ, ಆಮೇಲೆ ಗುಹೆಯವು, ಆಮೇಲೆ ಕೋಟೆಯವು. ಐದಾರು ಹಂತ ದಾಟುವ ಹೊತ್ತಿಗೆ ಆಟ ಯಾವ ಸೂಚನೆಯನ್ನೂ ಕೊಡದೆ ಮುಚ್ಚಿಹೋಗುತ್ತದೆ.

ಈ ತೊಂದರೆ ಯೂನಿಟಿ ಎಂಬ ಗೇಮ್ ಎಂಜಿನ್ ಬಳಸುವವರಿಗೆ ಚೆನ್ನಾಗಿ ಪರಿಚಿತ. ಯೂನಿಟಿಯಲ್ಲಿ ಚಿತ್ರ, ಧ್ವನಿ, ಅಕ್ಷರವಿನ್ಯಾಸ, ಮೂರು ಆಯಾಮದ ಮಾದರಿ ಇವೆಲ್ಲಕ್ಕೂ ಅಸೆಟ್ ಎಂದು ಹೆಸರು. ಆಟದ ಒಂದು ಹಂತ ಅಥವಾ ಒಂದು ಪರದೆಯನ್ನು ಸೀನ್ ಎನ್ನುತ್ತಾರೆ. ಎಲ್ಲ ಅಸೆಟ್‌ಗಳನ್ನೂ ಆಟದೊಳಗೇ ತುಂಬಿಬಿಟ್ಟರೆ ಡೌನ್‌ಲೋಡ್ ದೊಡ್ಡದಾಗುತ್ತದೆ. ಹಾಗಾಗಿ ಅವುಗಳನ್ನು ಅಸೆಟ್ ಬಂಡಲ್ ಎಂಬ ಕಟ್ಟುಗಳಾಗಿ ಬೇರೆ ಮಾಡಿ, ಬೇಕಾದಾಗ ಬೇಕಾದ ಕಟ್ಟನ್ನು ಬಿಚ್ಚುವ ಪದ್ಧತಿ ಬಂತು. ಬಂಡಲ್‌ಗಳನ್ನು ಕೈಯಾರೆ ನಿಭಾಯಿಸುವುದು ಪ್ರಯಾಸದ ಕೆಲಸ. ಯಾವ ಚಿತ್ರ ಯಾವ ಕಟ್ಟಿನಲ್ಲಿದೆ, ಆ ಕಟ್ಟಿಗೆ ಇನ್ನಾವ ಕಟ್ಟು ಬೇಕು ಎಂಬ ಲೆಕ್ಕವನ್ನೆಲ್ಲ ಪ್ರೋಗ್ರಾಮರೇ ಇಡಬೇಕಿತ್ತು. ಆ ಹೊರೆ ಇಳಿಸಲು ಬಂದದ್ದು ಅಡ್ರೆಸೆಬಲ್ಸ್. ಇದರಲ್ಲಿ ಪ್ರತಿ ಅಸೆಟ್‌ಗೂ ಒಂದು ವಿಳಾಸ ಇರುತ್ತದೆ. ವಿಳಾಸ ಹೇಳಿ ಕೇಳಿದರೆ ಸಾಕು, ಕಟ್ಟು ಎಲ್ಲಿದೆ ಎಂದು ಹುಡುಕಿ, ಬಿಚ್ಚಿ, ಅಸೆಟ್ ತೆಗೆದುಕೊಡುವ ಕೆಲಸ ಅದರದು. ಆದರೆ ಕೇಳಿ ಪಡೆದದ್ದನ್ನು ಹಿಂತಿರುಗಿಸುವ ಕೆಲಸ ಮಾತ್ರ ಪ್ರೋಗ್ರಾಮರ್ ಪಾಲಿಗೇ ಉಳಿದಿದೆ.

ಹಿಂತಿರುಗಿಸುವ ವ್ಯವಸ್ಥೆ ನಿಂತಿರುವುದು ಒಂದು ಎಣಿಕೆಯ ಮೇಲೆ. ಇದಕ್ಕೆ ರೆಫರೆನ್ಸ್ ಕೌಂಟ್ ಎನ್ನುತ್ತಾರೆ. ಒಂದು ಅಸೆಟ್‌ಗಾಗಿ `Addressables.LoadAssetAsync` ಎಂದು ಕರೆದಾಗಲೆಲ್ಲ ಆ ಅಸೆಟ್‌ನ ಎಣಿಕೆ ಒಂದು ಏರುತ್ತದೆ, ಕರೆದವರ ಕೈಗೆ ಹ್ಯಾಂಡಲ್ ಎಂಬ ಒಂದು ಚೀಟಿ ಬರುತ್ತದೆ. ಆ ಹ್ಯಾಂಡಲ್ ಕೊಟ್ಟು `Addressables.Release` ಎಂದಾಗ ಎಣಿಕೆ ಒಂದು ಇಳಿಯುತ್ತದೆ. ಸೊನ್ನೆಗೆ ಬಂದಾಗ ಮಾತ್ರ ಅಸೆಟ್ ಬಿಡುಗಡೆಗೆ ಅರ್ಹ. ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯ ಪುಸ್ತಕದಂತೆ ಇದು: ಕೊಪ್ಪರಿಗೆ ಅಡುಗೆಮನೆಯಲ್ಲಿದೆಯೋ ಹಿತ್ತಲಲ್ಲಿ ಬೋರಲು ಬಿದ್ದಿದೆಯೋ ಅಂಗಡಿಯವನಿಗೆ ತಿಳಿಯದು, ಮರಳಿ ಬಂದು ಹೆಸರು ಹೊಡೆದುಹಾಕುವವರೆಗೂ ಅದು ಬಳಕೆಯಲ್ಲಿದೆ ಎಂದೇ ಲೆಕ್ಕ.

ಇಲ್ಲಿ ಒಂದು ತಪ್ಪು ನಂಬಿಕೆ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಯೂನಿಟಿಯಲ್ಲಿ ಬರೆಯುವ ಸಿ ಶಾರ್ಪ್ ಭಾಷೆಗೆ ತನ್ನದೇ ಕಸ ಗುಡಿಸುವ ವ್ಯವಸ್ಥೆ ಇದೆ. ಯಾರೂ ಬಳಸದ ವಸ್ತುವನ್ನು ಅದು ತಾನಾಗಿ ತೆಗೆದುಹಾಕುತ್ತದೆ. ಹಾಗಾಗಿ ಹ್ಯಾಂಡಲ್ ಕಳೆದುಹೋದರೂ ಎಂದಾದರೊಂದು ದಿನ ಎಲ್ಲ ಸ್ವಚ್ಛವಾಗುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಸಿ ಶಾರ್ಪ್ ಕಡೆಯಿಂದ ಕಾಣುವ ಚಿತ್ರ ಒಂದು ತೆಳುವಾದ ಹೊದಿಕೆ ಮಾತ್ರ. ಚಿತ್ರದ ನಿಜವಾದ ಭಾರ ಎಂಜಿನ್‌ನ ಒಳಭಾಗದಲ್ಲೂ ಗ್ರಾಫಿಕ್ಸ್ ಮೆಮೊರಿಯಲ್ಲೂ ಇರುತ್ತದೆ, ಅಲ್ಲಿಗೆ ಆ ಪೊರಕೆ ಹೋಗುವುದಿಲ್ಲ. ಅಷ್ಟೇ ಅಲ್ಲ, ಹ್ಯಾಂಡಲ್ ಪಡೆದವರು ಅದನ್ನು ಮರೆತರೂ ಅಡ್ರೆಸೆಬಲ್ಸ್ ತನ್ನ ಪಟ್ಟಿಯಲ್ಲಿ ಆ ಅಸೆಟ್ ಅನ್ನು ಹಿಡಿದುಕೊಂಡೇ ಇರುತ್ತದೆ. ಹಳೆಯ ಸೀನ್ ತೆಗೆದು ಹೊಸದನ್ನು ಹಾಕುವಾಗ ಯೂನಿಟಿ ಬಳಕೆಯಿಲ್ಲದ ಅಸೆಟ್‌ಗಳನ್ನು ಹುಡುಕಿ ತೆಗೆಯುತ್ತದೆ ನಿಜ. ಆ ಹುಡುಕಾಟಕ್ಕೂ ಇಂಥ ಅಸೆಟ್ ಬಳಕೆಯಲ್ಲಿರುವಂತೆಯೇ ಕಾಣುತ್ತದೆ.

ಒಂದೇ ಅಸೆಟ್ ಎರಡು ಸಲ ಲೋಡ್ ಆಯಿತು ಎಂಬ ದೂರಿನ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ. ಇವೆರಡನ್ನೂ ಒಂದೇ ಎಂದುಕೊಂಡವರು ಪರಿಹಾರವನ್ನು ತಪ್ಪು ಕಡೆ ಹುಡುಕುತ್ತಾರೆ. ಮೊದಲನೆಯದರಲ್ಲಿ ಮೆಮೊರಿಯಲ್ಲಿ ಇರುವುದು ಒಂದೇ ಪ್ರತಿ, ಎಣಿಕೆ ಮಾತ್ರ ಎರಡು. ಒಂದೇ ವಿಳಾಸವನ್ನು ಹತ್ತು ಕಡೆಯಿಂದ ಕೇಳಿದರೂ ಅಡ್ರೆಸೆಬಲ್ಸ್ ಹತ್ತು ಪ್ರತಿ ಮಾಡುವುದಿಲ್ಲ. ಇರುವ ಒಂದನ್ನೇ ಎಲ್ಲರಿಗೂ ತೋರಿಸಿ ಎಣಿಕೆಯನ್ನು ಹತ್ತಕ್ಕೆ ಏರಿಸುತ್ತದೆ. ಎರಡನೆಯದರಲ್ಲಿ ನಿಜವಾಗಿಯೂ ಎರಡು ಪ್ರತಿಗಳಿರುತ್ತವೆ. ಹೆಸರು ಒಂದೇ, ಅಳತೆ ಒಂದೇ, ಆದರೆ ಎಂಜಿನ್‌ನ ಕಣ್ಣಿಗೆ ಅವು ಪರಸ್ಪರ ಸಂಬಂಧವಿಲ್ಲದ ಎರಡು ವಸ್ತುಗಳು.

ಮೊದಲನೆಯದನ್ನು ಒಂದು ಕಲ್ಪಿತ ಆಟದ ಮೂಲಕ ನೋಡಬಹುದು. ಆರು ಹಂತಗಳ ಆಟ. ಪ್ರತಿ ಹಂತಕ್ಕೂ ಹಿನ್ನೆಲೆಯಾಗಿ 12 ಚಿತ್ರಗಳು, ಒಂದೊಂದೂ 2048 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಇಂಥ ಚಿತ್ರವನ್ನು ಹಿಂಡದೆ ಹಾಗೇ ಇಟ್ಟರೆ ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ 16 ಎಂಬಿ ಬೇಕು. ಫೋನ್‌ಗಳಲ್ಲಿ ಬಳಸುವ ಎಎಸ್‌ಟಿಸಿ ವಿಧಾನದಲ್ಲಿ, ನಾಲ್ಕು ಪಿಕ್ಸೆಲ್ ಚೌಕದ ಲೆಕ್ಕದಲ್ಲಿ ಹಿಂಡಿದರೆ ಪಿಕ್ಸೆಲ್‌ಗೆ ಒಂದು ಬೈಟ್, ಅಂದರೆ ಚಿತ್ರಕ್ಕೆ 4 ಎಂಬಿ. ಹಾಗಾಗಿ ಒಂದು ಹಂತದ ಹಿನ್ನೆಲೆಗೆ 48 ಎಂಬಿ. ಹಂತ ತೆರೆಯುವಾಗ ಆಟಗಾರ ಕಾಯುವುದು ತಪ್ಪಲಿ ಎಂದು, ಲೋಡಿಂಗ್ ಪರದೆ ತಾನೇ ಮುಂದಾಗಿ ಆ ಹಂತದ ಚಿತ್ರಗಳನ್ನು ತರಿಸಿಕೊಳ್ಳುತ್ತದೆ:

```csharp
IEnumerator Preload(string label)
{
    yield return Addressables.LoadAssetsAsync<Texture2D>(label, null);
}
```

ಚಿತ್ರಗಳು ಬಂದ ಮೇಲೆ ಹಂತ ತೆರೆಯುತ್ತದೆ. ಹಂತದ ಮೇಲ್ವಿಚಾರಕ ಕೋಡ್ ಅವೇ 12 ಚಿತ್ರಗಳನ್ನು ತಾನೂ ಕೇಳುತ್ತದೆ. ಅವು ಆಗಲೇ ಮೆಮೊರಿಯಲ್ಲಿ ಇರುವುದರಿಂದ ಕೂಡಲೇ ಸಿಗುತ್ತವೆ, ಲೋಡಿಂಗ್ ಪರದೆಯ ಉದ್ದೇಶ ಈಡೇರಿದಂತಾಯಿತು. ಈಗ ಪ್ರತಿ ಚಿತ್ರದ ಎಣಿಕೆ ಎರಡು. ಹಂತ ಮುಗಿಯುತ್ತದೆ. ಮೇಲ್ವಿಚಾರಕ ಕೋಡ್ ಶಿಸ್ತಿನಿಂದ ತನ್ನ ಹ್ಯಾಂಡಲ್ ಹಿಂತಿರುಗಿಸುತ್ತದೆ, ಎಣಿಕೆ ಒಂದಕ್ಕೆ ಇಳಿಯುತ್ತದೆ. ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಎಣಿಕೆ ಲೋಡಿಂಗ್ ಪರದೆಯದು. ಆ ಪರದೆ ಆಗಲೇ ನಾಶವಾಗಿದೆ, ಅದು ಪಡೆದ ಹ್ಯಾಂಡಲ್ ಅನ್ನು ಯಾವ ಚರದಲ್ಲೂ ಇಟ್ಟುಕೊಂಡಿರಲಿಲ್ಲ. ಹಿಂತಿರುಗಿಸಬೇಕಾದ ಚೀಟಿ ಈಗ ಯಾರ ಕೈಯಲ್ಲೂ ಇಲ್ಲ. ಹನ್ನೆರಡು ಚಿತ್ರಗಳೂ ಆಟ ಮುಚ್ಚುವವರೆಗೆ ಅಲ್ಲೇ ಉಳಿಯುತ್ತವೆ.

ಎರಡನೆಯ ಹಂತಕ್ಕೆ ಹೋದಾಗ ಮತ್ತೆ 48, ಮೂರನೆಯದಕ್ಕೆ ಮತ್ತೆ 48. ಆರನೆಯ ಹಂತದಲ್ಲಿ ಪರದೆಯ ಮೇಲೆ ಕಾಣುವುದು 48 ಎಂಬಿಯಷ್ಟು ಚಿತ್ರ, ಮೆಮೊರಿಯಲ್ಲಿ ಕೂತಿರುವುದು 288 ಎಂಬಿ. ಇದು ಹಿನ್ನೆಲೆ ಚಿತ್ರಗಳ ಲೆಕ್ಕ ಮಾತ್ರ. ಧ್ವನಿ, ಪಾತ್ರಗಳ ಮಾದರಿ, ಅವುಗಳ ಮೈಮೇಲಿನ ಚಿತ್ರಗಳೂ ಇದೇ ಲೋಡಿಂಗ್ ಪರದೆಯ ಮೂಲಕ ಬಂದಿದ್ದರೆ ಭಾರ ಇನ್ನೂ ಬೆಳೆಯುತ್ತದೆ. ಫೋನಿನ ಮೆಮೊರಿ ತೀರಾ ಕಡಿಮೆಯಾದಾಗ ಆಂಡ್ರಾಯ್ಡ್ ಆಗಲಿ ಐಒಎಸ್ ಆಗಲಿ ಆಟವನ್ನು ನೇರವಾಗಿ ಕೊಂದುಹಾಕುತ್ತದೆ. ಆಟದ ಕೋಡ್‌ನಲ್ಲಿ ದೋಷವೇನೂ ಎದ್ದಿರುವುದಿಲ್ಲ, ಆದ್ದರಿಂದ ಆಟದ ದಾಖಲೆಯಲ್ಲಿ ಕಾರಣ ಸಿಗುವುದಿಲ್ಲ. ಐಫೋನ್‌ನಲ್ಲಾದರೆ `JetsamEvent` ಎಂದು ಶುರುವಾಗುವ ವರದಿ ಫೋನಿನಲ್ಲಿ ಉಳಿದಿರುತ್ತದೆ, ಹುಡುಕುವವರಿಗೆ ಅದೇ ಸುಳಿವು.

ಈ ತಪ್ಪು ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಹೋಗುವುದಕ್ಕೆ ಗಟ್ಟಿಯಾದ ಕಾರಣವಿದೆ. ಮೆಮೊರಿ ಸೋರಿಕೆ ಹುಡುಕುವ ವಾಡಿಕೆಯ ಕ್ರಮ ಹೀಗೆ: ಮೊದಲು ಒಂದು ಹಂತಕ್ಕೆ ಹೋಗಿ ಬರುವುದು, ಆಗ ಒಮ್ಮೆ ಮಾತ್ರ ಆಗುವ ಏರಿಕೆಗಳೆಲ್ಲ ಆಗಿಹೋಗಲಿ ಎಂದು. ಆಮೇಲೆ ಅದೇ ಹಂತಕ್ಕೆ ಮತ್ತೆ ಮತ್ತೆ ಹೋಗಿ ಬಂದು, ಪ್ರತಿ ಸುತ್ತಿನಲ್ಲೂ ಮೆಮೊರಿ ಏರುತ್ತಿದೆಯೇ ಎಂದು ನೋಡುವುದು. ಮೇಲಿನ ಆಟದಲ್ಲಿ ಈ ಪರೀಕ್ಷೆ ಏನನ್ನೂ ತೋರಿಸುವುದಿಲ್ಲ. ಎರಡನೆಯ ಸುತ್ತಿನಲ್ಲಿ ಎಣಿಕೆ ಒಂದರಿಂದ ಮೂರಕ್ಕೆ ಏರಿ ಎರಡಕ್ಕೆ ಇಳಿಯುತ್ತದೆ, ಮೂರನೆಯ ಸುತ್ತಿನಲ್ಲಿ ನಾಲ್ಕಕ್ಕೆ ಏರಿ ಮೂರಕ್ಕೆ ಇಳಿಯುತ್ತದೆ. ಚಿತ್ರಗಳು ಮಾತ್ರ ಅವೇ ಹನ್ನೆರಡು. ಮೆಮೊರಿಯ ಗೆರೆ ನೆಟ್ಟಗೆ ಅಡ್ಡವಾಗಿಯೇ ಇರುತ್ತದೆ. ಉಳಿದುಹೋದ 48 ಎಂಬಿ ಮೊದಲ ಸುತ್ತಿನ ಸಹಜ ಏರಿಕೆಯೊಳಗೆ ಬೆರೆತುಹೋಗಿರುತ್ತದೆ. ಬೇರೆ ಬೇರೆ ಹಂತಗಳನ್ನು ಒಂದರ ಹಿಂದೆ ಒಂದರಂತೆ ಆಡಿ, ಪ್ರತಿಯೊಂದರ ನಂತರವೂ ಮುಖಪುಟಕ್ಕೆ ಬಂದು ಅಳೆದಾಗಷ್ಟೇ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೆರೆ ಕಾಣುತ್ತದೆ.

ಸರಿಪಡಿಸುವುದು ಕಷ್ಟವಲ್ಲ. ಪಡೆದ ಹ್ಯಾಂಡಲ್ ಅನ್ನು ಪಡೆದವರೇ ಇಟ್ಟುಕೊಂಡು, ತಾವು ಹೋಗುವ ಮುನ್ನ ಹಿಂತಿರುಗಿಸಬೇಕು:

```csharp
AsyncOperationHandle<IList<Texture2D>> handle;

IEnumerator Preload(string label)
{
    handle = Addressables.LoadAssetsAsync<Texture2D>(label, null);
    yield return handle;
}

void OnDestroy()
{
    if (handle.IsValid())
        Addressables.Release(handle);
}
```

ಇಲ್ಲಿ ಹ್ಯಾಂಡಲ್ ಚರಕ್ಕೆ ಸೇರುವುದು ಕಾಯುವ ಸಾಲಿಗಿಂತ ಮೊದಲು ಎಂಬುದು ಮುಖ್ಯ. ಆಟಗಾರ ಅರ್ಧಕ್ಕೇ ಹಿಂದಕ್ಕೆ ಒತ್ತಿ ಪರದೆ ನಾಶವಾದರೆ ಕಾಯುತ್ತಿದ್ದ ಕೋಡ್ ಅಲ್ಲೇ ನಿಲ್ಲುತ್ತದೆ, ಅದರ ಮುಂದಿನ ಸಾಲುಗಳು ಎಂದೂ ನಡೆಯುವುದಿಲ್ಲ. ಹ್ಯಾಂಡಲ್ ಇಟ್ಟುಕೊಳ್ಳುವ ಸಾಲು ಆ ಮುಂದಿನ ಸಾಲುಗಳಲ್ಲಿ ಇದ್ದರೆ, ಅವಸರದ ಆಟಗಾರರ ಫೋನಿನಲ್ಲಿ ಮಾತ್ರ ಕಾಣುವ ಸೋರಿಕೆಯೊಂದು ಹುಟ್ಟುತ್ತದೆ. ಇನ್ನೊಂದು ಎಚ್ಚರವೆಂದರೆ ಕ್ರಮ: ಹಂತದ ಕೋಡ್ ತನ್ನ ಪಾಲನ್ನು ಕೇಳಿಕೊಂಡ ಮೇಲೆಯೇ ಲೋಡಿಂಗ್ ಪರದೆ ಹೋಗಬೇಕು. ಮೊದಲೇ ಹೋದರೆ ಎಣಿಕೆ ಸೊನ್ನೆಗೆ ಬಂದು, ಬಂಡಲ್ ಮುಚ್ಚಿ, ಮರುಕ್ಷಣವೇ ಮತ್ತೆ ತೆರೆಯಬೇಕಾಗುತ್ತದೆ. ಲೋಡಿಂಗ್ ಪರದೆಯ ಶ್ರಮವೆಲ್ಲ ವ್ಯರ್ಥ.

ಅತಿಯಾಗಿ ಹಿಂತಿರುಗಿಸುವುದೂ ಅಪಾಯವೇ. ಹ್ಯಾಂಡಲ್‌ನ ನಕಲನ್ನು ಎರಡು ಕಡೆ ಇಟ್ಟುಕೊಂಡು ಎರಡೂ ಕಡೆ ಬಿಡುಗಡೆ ಮಾಡಿದರೆ, ಇನ್ನೂ ಆ ಚಿತ್ರವನ್ನು ತೋರಿಸುತ್ತಿರುವ ಬೇರೊಂದು ಭಾಗದ ಎಣಿಕೆಯನ್ನು ಕಿತ್ತುಕೊಂಡಂತಾಗಬಹುದು. ಆಗ ಬಟನ್ ಮೇಲಿನ ಚಿತ್ರ ಮಾಯವಾಗಿ ಬರೀ ಬಿಳಿ ಚೌಕ ಉಳಿಯುತ್ತದೆ. ಇಂಥದ್ದಕ್ಕೆ ಹೆದರಿ ಬಿಡುಗಡೆಯ ಸಾಲುಗಳನ್ನೇ ಅಳಿಸಿಹಾಕುವುದು ತಂಡಗಳಲ್ಲಿ ನಡೆಯುವ ಸಂಗತಿ; ಸೋರಿಕೆ ಶುರುವಾಗುವ ದಾರಿಗಳಲ್ಲಿ ಅದೂ ಒಂದು. ಕೇಳಿದವರೊಬ್ಬರು, ಹಿಂತಿರುಗಿಸುವವರೂ ಅವರೇ ಎಂಬ ನಿಯಮ ಎರಡೂ ಕಡೆಯ ತಪ್ಪನ್ನು ತಡೆಯುತ್ತದೆ.

ಒಂದು ಚಿತ್ರವಷ್ಟೇ ಉಳಿದರೂ ಅದರ ಹಿಂದೆ ಇಡೀ ಕಟ್ಟು ಉಳಿಯಬಹುದು. ಅದೇ ಆಟದ ಮುಖಪುಟದಲ್ಲಿ ಪ್ರತಿ ಹಂತದ ಗುರುತಾಗಿ ಆ ಹಂತದ ಒಂದು ಹಿನ್ನೆಲೆ ಚಿತ್ರವನ್ನು ತೋರಿಸುತ್ತಾರೆ ಎಂದಿಟ್ಟುಕೊಳ್ಳಿ. ಮುಖಪುಟ ಎಂದೂ ಹೋಗುವುದಿಲ್ಲ, ಹಂತಗಳು ಅದರ ಜೊತೆಗೆ ಹೆಚ್ಚುವರಿ ಸೀನ್‌ಗಳಾಗಿ ಬಂದು ಹೋಗುತ್ತವೆ. ಹಂತ ಮುಗಿದಾಗ 11 ಚಿತ್ರಗಳ ಎಣಿಕೆ ಸೊನ್ನೆಗೆ ಬರುತ್ತದೆ, ಮುಖಪುಟ ಹಿಡಿದಿರುವ ಒಂದರದು ಮಾತ್ರ ಬರುವುದಿಲ್ಲ. ಎಲ್ಲವೂ ಒಂದೇ ಬಂಡಲ್‌ನಲ್ಲಿದ್ದರೆ, ಆ ಒಂದಕ್ಕಾಗಿ ಬಂಡಲ್ ತೆರೆದೇ ಇರುತ್ತದೆ. ಅಡ್ರೆಸೆಬಲ್ಸ್ ಬಂಡಲ್‌ನ ಅರ್ಧ ಭಾಗವನ್ನು ಮಾತ್ರ ಮುಚ್ಚಲಾರದು; ಹನ್ನೊಂದು ಚಿತ್ರಗಳ 44 ಎಂಬಿ ಹಾಗೇ ಉಳಿಯುತ್ತದೆ. ಹಳೆಯ ಸೀನ್ ಪೂರ್ತಿ ತೆಗೆದು ಹೊಸದನ್ನು ಹಾಕುವ ಆಟಗಳಲ್ಲಿ ಈ ಹನ್ನೊಂದನ್ನು ಯೂನಿಟಿಯ ಹುಡುಕಾಟ ತೆಗೆಯುತ್ತದೆ, ಏಕೆಂದರೆ ಅವುಗಳನ್ನು ಈಗ ಯಾರೂ ಹಿಡಿದಿಲ್ಲ. ಹೆಚ್ಚುವರಿ ಸೀನ್ ಹಾಕುವಾಗ ಆ ಹುಡುಕಾಟ ತಾನಾಗಿ ನಡೆಯುವುದಿಲ್ಲ, `Resources.UnloadUnusedAssets` ಎಂದು ಕೇಳಿಯೇ ನಡೆಸಬೇಕು. ಅದು ನಿಧಾನದ ಕೆಲಸ, ಆಟದ ನಡುವೆ ನಡೆಸಿದರೆ ಪರದೆ ಒಂದು ಕ್ಷಣ ತಡವರಿಸುತ್ತದೆ. ಗುರುತಿನ ಚಿತ್ರಗಳಿಗೆ ಬೇರೆಯೇ ಸಣ್ಣ ಪ್ರತಿ ಮಾಡಿ, ಬೇರೆ ಬಂಡಲ್‌ನಲ್ಲಿ ಇಡುವುದು ಇದಕ್ಕಿಂತ ಒಳ್ಳೆಯ ದಾರಿ. ಒಟ್ಟಿಗೆ ಬಂದು ಒಟ್ಟಿಗೆ ಹೋಗುವ ಅಸೆಟ್‌ಗಳಷ್ಟೇ ಒಂದು ಕಟ್ಟಿನಲ್ಲಿರಬೇಕು.

ಎರಡನೆಯ ಸಂಗತಿ, ನಿಜವಾದ ಎರಡು ಪ್ರತಿಗಳದ್ದು, ಹುಟ್ಟುವುದು ಕೋಡ್‌ನಲ್ಲಿ ಅಲ್ಲ, ಬಂಡಲ್ ಕಟ್ಟುವ ಹಂತದಲ್ಲಿ. ಕಾಡಿನ ಗುಡಿಯೂ ಊರಿನ ಮನೆಯೂ ಒಂದೇ ಕಲ್ಲುಗೋಡೆಯ ಚಿತ್ರ ಬಳಸುತ್ತವೆ. ಗುಡಿಗೂ ಮನೆಗೂ ವಿಳಾಸ ಕೊಟ್ಟು, ಎರಡು ಬೇರೆ ಬಂಡಲ್‌ಗಳಲ್ಲಿ ಇಟ್ಟಿದ್ದಾರೆ. ಕಲ್ಲುಗೋಡೆಯ ಚಿತ್ರಕ್ಕೆ ವಿಳಾಸ ಕೊಡುವುದನ್ನು ಮರೆತಿದ್ದಾರೆ. ಗುಡಿ ಕೆಲಸ ಮಾಡಬೇಕಾದರೆ ಗೋಡೆಯ ಚಿತ್ರ ಬೇಕೇ ಬೇಕು. ಅದಕ್ಕೆ ಸ್ವಂತ ಜಾಗವಿಲ್ಲವಾದ್ದರಿಂದ ಯೂನಿಟಿ ಅದನ್ನು ಗುಡಿಯ ಬಂಡಲ್‌ಗೆ ತುಂಬುತ್ತದೆ. ಅದೇ ಕಾರಣಕ್ಕೆ ಮನೆಯ ಬಂಡಲ್‌ಗೂ ತುಂಬುತ್ತದೆ. ಕಾಡು, ಊರು ಎರಡೂ ಒಟ್ಟಿಗೆ ತೆರೆದಾಗ ಮೆಮೊರಿಯಲ್ಲಿ ಎರಡು ಕಲ್ಲುಗೋಡೆಗಳು. ಇಲ್ಲಿ ಎಲ್ಲ ಹ್ಯಾಂಡಲ್‌ಗಳನ್ನು ಎಷ್ಟೇ ಶ್ರದ್ಧೆಯಿಂದ ಹಿಂತಿರುಗಿಸಿದರೂ ಎರಡೂ ಸೀನ್ ತೆರೆದಿರುವಷ್ಟು ಹೊತ್ತು ಈ ನಕಲು ಹೋಗುವುದಿಲ್ಲ.

ಇದರದೇ ಇನ್ನೊಂದು ರೂಪ ಅಕ್ಷರವಿನ್ಯಾಸಗಳಲ್ಲಿ ಆಗಾಗ ಕಾಣುತ್ತದೆ. ಯೂನಿಟಿಯಲ್ಲಿ `Resources` ಎಂಬ ಹೆಸರಿನ ಫೋಲ್ಡರ್‌ನಲ್ಲಿರುವ ಎಲ್ಲವೂ ಆಟದ ಮೂಲ ಭಾಗದೊಳಗೇ ಸೇರುತ್ತದೆ, ಅವು ಅವಲಂಬಿಸಿದ ಅಸೆಟ್‌ಗಳೂ ಜೊತೆಗೇ ಬರುತ್ತವೆ. ಪರದೆಯ ಅಕ್ಷರಗಳನ್ನು ಮೂಡಿಸುವ ಟೆಕ್ಸ್ಟ್ ಮೆಶ್ ಪ್ರೊ ತನ್ನ ಸೆಟ್ಟಿಂಗ್ ಕಡತವನ್ನು ಅಂಥ ಫೋಲ್ಡರ್‌ನಲ್ಲಿಯೇ ಇಡುತ್ತದೆ. ಅದರಲ್ಲಿ ಸೂಚಿಸಿದ ಅಕ್ಷರವಿನ್ಯಾಸವೂ ಮೂಲ ಭಾಗಕ್ಕೆ ಬರುತ್ತದೆ. ಬಂಡಲ್‌ನಲ್ಲಿರುವ ಪರದೆಗಳು ಅದೇ ಅಕ್ಷರವಿನ್ಯಾಸ ಬಳಸಿದರೆ ಅಲ್ಲೊಂದು ಪ್ರತಿ ಬೇರೆ. ಮೂಲ ಭಾಗಕ್ಕೂ ಬಂಡಲ್‌ಗಳಿಗೂ ಅಸೆಟ್ ಹಂಚಿಕೊಳ್ಳುವ ದಾರಿ ಇಲ್ಲ.

ಇಂಥ ನಕಲುಗಳನ್ನು ಆಟ ಓಡಿಸದೆಯೇ ಪತ್ತೆ ಮಾಡಬಹುದು. ಅಡ್ರೆಸೆಬಲ್ಸ್ ಜೊತೆಗೆ ಬರುವ `Analyze` ಕಿಟಕಿಯಲ್ಲಿ `Check Duplicate Bundle Dependencies` ಎಂಬ ನಿಯಮವಿದೆ. ಅದನ್ನು ನಡೆಸಿದರೆ ವಿಳಾಸವಿಲ್ಲದೆ ಒಂದಕ್ಕಿಂತ ಹೆಚ್ಚು ಬಂಡಲ್‌ಗಳಿಗೆ ನುಸುಳುವ ಅಸೆಟ್‌ಗಳ ಪಟ್ಟಿ ಸಿಗುತ್ತದೆ. ಅಲ್ಲೇ ಸರಿಪಡಿಸು ಎಂದರೆ ಅವನ್ನೆಲ್ಲ `Duplicate Asset Isolation` ಎಂಬ ಹೊಸ ಗುಂಪಿಗೆ ಸೇರಿಸುತ್ತದೆ. ಸುಲಭದ ಈ ದಾರಿಯನ್ನು ಕಣ್ಣುಮುಚ್ಚಿ ಹಿಡಿಯುವುದು ಒಳ್ಳೆಯದಲ್ಲ. ಕಲ್ಲುಗೋಡೆಯ ಜೊತೆಗೆ ಯಾವ ಸಂಬಂಧವೂ ಇಲ್ಲದ ಹತ್ತಾರು ಅಸೆಟ್‌ಗಳು ಒಂದೇ ಕಟ್ಟಿಗೆ ಬಿದ್ದರೆ, ಅವುಗಳಲ್ಲಿ ಯಾವುದೋ ಒಂದು ಬಳಕೆಯಲ್ಲಿದ್ದರೂ ಆ ಕಟ್ಟು ಮುಚ್ಚುವುದಿಲ್ಲ. ನಕಲು ಹೋಗಿ ಹಿಂದಿನ ತೊಂದರೆ ಬಂದಂತಾಗುತ್ತದೆ. ದೊಡ್ಡ ಚಿತ್ರಗಳನ್ನು ಯಾವ ಸೀನ್‌ಗಳು ಹಂಚಿಕೊಳ್ಳುತ್ತವೆ ಎಂದು ನೋಡಿ ಕೈಯಾರೆ ಗುಂಪು ಮಾಡಿ, ಕೆಲವೇ ಕಿಲೋಬೈಟ್‌ಗಳ ನಕಲುಗಳನ್ನು ಹಾಗೇ ಬಿಡುವುದು ಜಾಣತನ.

ಅಡ್ರೆಸೆಬಲ್ಸ್ ಇಲ್ಲದೆ ಬಂಡಲ್‌ಗಳನ್ನು ನೇರವಾಗಿ ಬಳಸುವ ಹಳೆಯ ಆಟಗಳಲ್ಲಿ ಪ್ರತಿಗಳು ಇನ್ನೊಂದು ರೀತಿಯಲ್ಲಿ ಹುಟ್ಟುತ್ತವೆ. `AssetBundle.Unload(false)` ಎಂದರೆ ಬಂಡಲ್ ಮುಚ್ಚುತ್ತದೆ, ಅದರಿಂದ ಈಗಾಗಲೇ ಹೊರಬಂದ ಚಿತ್ರಗಳು ಮಾತ್ರ ಉಳಿಯುತ್ತವೆ. ಅವಕ್ಕೂ ಬಂಡಲ್‌ಗೂ ಇದ್ದ ನಂಟು ಅಲ್ಲಿಗೆ ಕಡಿಯಿತು. ಮುಂದೆ ಅದೇ ಬಂಡಲ್ ತೆರೆದು ಅದೇ ಚಿತ್ರ ಕೇಳಿದರೆ, ಉಳಿದಿರುವ ಹಳೆಯದನ್ನು ಎಂಜಿನ್ ಗುರುತಿಸುವುದಿಲ್ಲ, ಹೊಸ ಪ್ರತಿ ತರುತ್ತದೆ. ಹಳೆಯದನ್ನು ಯಾವುದಾದರೂ ವಸ್ತು ಇನ್ನೂ ಹಿಡಿದಿದ್ದರೆ ಎರಡೂ ಉಳಿಯುತ್ತವೆ, ಪ್ರತಿ ಸುತ್ತಿಗೂ ಒಂದೊಂದು ಸೇರುತ್ತಾ ಹೋಗಬಹುದು. ಇಲ್ಲಿ ಮಾತ್ರ ಒಂದೇ ಹಂತಕ್ಕೆ ಪದೇ ಪದೇ ಹೋಗಿ ಬರುವ ಪರೀಕ್ಷೆ ತಪ್ಪನ್ನು ಹಿಡಿಯುತ್ತದೆ. `Unload(true)` ಎಂದರೆ ಚಿತ್ರಗಳೂ ಬಂಡಲ್ ಜೊತೆಗೇ ಹೋಗುತ್ತವೆ. ಯಾರಾದರೂ ಬಳಸುತ್ತಿದ್ದರೆ ಆ ಜಾಗ ಖಾಲಿಯಾಗಿ ಕಾಣುತ್ತದೆ, ತಪ್ಪು ಕೂಡಲೇ ಬಯಲಾಗುತ್ತದೆ.

ಪತ್ತೆ ಕೆಲಸಕ್ಕೆ ಇಳಿಯುವಾಗ ಎಡಿಟರ್‌ನಲ್ಲಿ ಕಾಣುವುದನ್ನು ನಂಬುವಂತಿಲ್ಲ. ಅಲ್ಲಿ `Use Asset Database` ಎಂಬ ವಿಧಾನ ಆಯ್ಕೆಯಾಗಿದ್ದರೆ ಅಸೆಟ್‌ಗಳು ಬಂಡಲ್‌ಗಳ ಮೂಲಕ ಬರುವುದೇ ಇಲ್ಲ, ಹಾಗಾಗಿ ನಕಲುಗಳೂ ಇರುವುದಿಲ್ಲ, ತೆರೆದೇ ಉಳಿದ ಕಟ್ಟುಗಳೂ ಇರುವುದಿಲ್ಲ. ಆಟವನ್ನು ಫೋನಿಗೆ ಹಾಕಿಯೇ ನೋಡಬೇಕು. ಮೆಮೊರಿ ಪ್ರೊಫೈಲರ್ ಎಂಬ ಯೂನಿಟಿಯ ಸಾಧನ ಫೋನಿನ ಮೆಮೊರಿಯ ಪೂರ್ತಿ ಚಿತ್ರಣವನ್ನು ಒಂದು ಕ್ಷಣಕ್ಕೆ ಹಿಡಿದಿಡುತ್ತದೆ, ಅಂಥ ಎರಡು ಚಿತ್ರಣಗಳನ್ನು ಹೋಲಿಸಿಯೂ ತೋರಿಸುತ್ತದೆ. ಮೇಲಿನ ಆಟದಲ್ಲಾದರೆ ಮುಖಪುಟದಲ್ಲಿ ಒಂದು, ಎರಡು ಹಂತ ಆಡಿ ಮತ್ತೆ ಮುಖಪುಟಕ್ಕೆ ಬಂದ ಮೇಲೆ ಇನ್ನೊಂದು. ಎರಡನೆಯದರಲ್ಲಿ ಮಾತ್ರ ಇರುವ ಚಿತ್ರಗಳ ಪಟ್ಟಿ ತೆಗೆದರೆ ಕಾಡಿನ ಹನ್ನೆರಡೂ ಊರಿನ ಹನ್ನೆರಡೂ ಹೆಸರು ಸಮೇತ ಎದುರಿಗೆ ನಿಲ್ಲುತ್ತವೆ. ಪ್ರತಿ ಹೆಸರೂ ಒಂದೊಂದೇ ಸಲ ಇದ್ದರೆ ಹ್ಯಾಂಡಲ್ ಎಲ್ಲೋ ಕಳೆದಿದೆ ಎಂದರ್ಥ, ಕೋಡ್ ಹುಡುಕಬೇಕು. ಒಂದೇ ಹೆಸರು, ಒಂದೇ ಗಾತ್ರದ ಎರಡು ಸಾಲು ಕಂಡರೆ ಬಂಡಲ್‌ಗಳ ಹಂಚಿಕೆಯನ್ನು ನೋಡಬೇಕು.

ಸರಿಪಡಿಸಿದ ನಂತರ ಅಳೆಯುವಾಗಲೂ ಫೋನ್ ತೋರಿಸುವ ಒಟ್ಟು ಮೆಮೊರಿಯ ಅಂಕಿ ಆಟ ಶುರುವಾದಾಗ ಇದ್ದಷ್ಟಕ್ಕೇ ಮರಳುವುದಿಲ್ಲ. ಸಿ ಶಾರ್ಪ್ ಒಮ್ಮೆ ಪಡೆದ ಜಾಗವನ್ನು ಮುಂದಿನ ಬಳಕೆಗೆಂದು ತನ್ನಲ್ಲೇ ಇಟ್ಟುಕೊಳ್ಳುವುದುಂಟು, ಪದೇ ಪದೇ ಬೇಕಾಗುವ ವಸ್ತುಗಳನ್ನು ಆಟವೇ ಬೇಕೆಂದು ಉಳಿಸಿಕೊಂಡಿರುತ್ತದೆ. ಆ ಒಟ್ಟು ಅಂಕಿಯ ಬದಲು ಮುಗಿದ ಹಂತದ ಚಿತ್ರಗಳ ಹೆಸರು ಪಟ್ಟಿಯಲ್ಲಿ ಇನ್ನೂ ಇವೆಯೇ ಎಂದು ನೋಡಬೇಕು. ಅವು ಇಲ್ಲವಾಗಿದ್ದರೆ ಬಿಡುಗಡೆ ನಡೆದಿದೆ.